ಆರು ಗಂಟೆ ಪಾಠ, ಮೂರು ಗಂಟೆ ಪರದೆ

ಧಾರವಾಡದಲ್ಲಿ ರೂಮು ಮಾಡಿಕೊಂಡು ಕೆಎಎಸ್ ಪರೀಕ್ಷೆಗೆ ಓದುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ದಿನಕ್ಕೆ ಆರು ಗಂಟೆ ಆನ್‌ಲೈನ್ ಪಾಠ, ಎಲ್ಲವೂ ಮೊಬೈಲಿನಲ್ಲೇ. ಸಂಜೆಯಾದರೆ ಕಣ್ಣು ಉರಿ, ಕತ್ತು ನೋವು. ಹೊರಗೆ ಬಂದರೆ ಬಸ್ಸಿನ ಬೋರ್ಡು ಸ್ವಲ್ಪ ಹೊತ್ತು ಮಂಜಾಗಿ ಕಾಣುತ್ತದೆ.

ಉರಿಗೂ ಮಂಜಿಗೂ ಕಾರಣ ಬೇರೆ ಬೇರೆ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ಮಿಟುಕುವ ರೆಪ್ಪೆ, ಪರದೆ ನೋಡುವಾಗ ಅದರ ಅರ್ಧದಷ್ಟೂ ಮಿಟುಕುವುದಿಲ್ಲ. ಕಣ್ಣಿನ ಮೇಲಿನ ನೀರಿನ ಪದರ ಆರುತ್ತದೆ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬಡಿಯುತ್ತಿದ್ದರೆ ಇನ್ನೂ ಬೇಗ ಆರುತ್ತದೆ. ಮಂಜಿನ ಕಥೆ ದೂರಕ್ಕೆ ಸಂಬಂಧಿಸಿದ್ದು. ಹತ್ತಿರದ್ದನ್ನು ನೋಡಲು ಕಣ್ಣಿನೊಳಗಿನ ಸ್ನಾಯು ಬಿಗಿಯಬೇಕು. ಮೊಬೈಲನ್ನು 25 ಸೆಂ.ಮೀ.ಗೆ ಹಿಡಿದರೆ, 60 ಸೆಂ.ಮೀ. ದೂರಕ್ಕೆ ಬೇಕಾದುದರ ಎರಡು ಪಟ್ಟಿಗೂ ಹೆಚ್ಚು ಶ್ರಮ ಅದಕ್ಕೆ ಬೀಳುತ್ತದೆ. ಗಂಟೆಗಟ್ಟಲೆ ಬಿಗಿದ ಸ್ನಾಯು ತಕ್ಷಣ ಸಡಿಲವಾಗುವುದಿಲ್ಲ.

ಹಾಗಾಗಿ ಮೊದಲು ಮೊಬೈಲು ಕೈಯಿಂದ ಇಳಿಯಬೇಕು. ಮೇಜಿನ ಮೇಲೆ ದಪ್ಪ ಪುಸ್ತಕಗಳನ್ನು ಪೇರಿಸಿ, ಕಣ್ಣಿಗಿಂತ ತುಸು ಕೆಳಗೆ, ತೋಳು ಚಾಚಿದಷ್ಟು ದೂರದಲ್ಲಿ ನಿಲ್ಲಿಸಿದರೆ ಕತ್ತು ಬಗ್ಗುವುದೂ ತಪ್ಪುತ್ತದೆ. ಆದರೆ ಅಷ್ಟು ದೂರದಿಂದ ಪಿಡಿಎಫ್‌ನ ಸಣ್ಣಕ್ಷರ ಕಾಣದು, ಗೊತ್ತಿಲ್ಲದೆಯೇ ಮುಖ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಮೊಬೈಲಿನಲ್ಲಿ ವಿಡಿಯೊ ಮಾತ್ರ ಇರಲಿ. ಓದುವುದನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಳ್ಳುವುದೇ ಮೇಲು. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ಕೊಡುವ ದುಡ್ಡು ಇದಕ್ಕೆ ಹೋಗಲಿ. ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2023ರ ಕಾಕ್ರೇನ್ ವಿಮರ್ಶೆಗೆ ಅಂಥ ಕನ್ನಡಕದಿಂದ ಕಣ್ಣಿನ ಆಯಾಸ ಕಡಿಮೆಯಾಗುವ ಸೂಚನೆ ಸಿಗಲಿಲ್ಲ.

ಇನ್ನು ಆ ಆರು ಗಂಟೆ. ಇತಿಹಾಸ, ಸಂವಿಧಾನದ ಪಾಠದಲ್ಲಿ ಬಹುಪಾಲು ಮಾತು. ಅದನ್ನು ಪರದೆಗೆ ಬೆನ್ನು ಹಾಕಿ, ನಿಂತೋ ನಡೆದಾಡುತ್ತಲೋ ಕೇಳಿ, ಕಾಗದದ ಮೇಲೆ ಟಿಪ್ಪಣಿ ಮಾಡಿಕೊಳ್ಳಬಹುದು. ಭೂಗೋಳದ ನಕ್ಷೆ, ಲೆಕ್ಕ, ಅರ್ಥಶಾಸ್ತ್ರದ ಗ್ರಾಫ್ ಬಂದಾಗ ಮಾತ್ರ ಕಣ್ಣು ಬೇಕು. ಹೀಗೆ ವಿಂಗಡಿಸಿದರೆ ಆರು ಗಂಟೆಯ ಪಾಠಕ್ಕೆ ಮೂರು ಗಂಟೆಯಷ್ಟು ಪರದೆ ಸಾಕಾಗಬಹುದು. ಆ ಮೂರು ಗಂಟೆಯಲ್ಲೂ 20 ನಿಮಿಷಕ್ಕೊಮ್ಮೆ ವಿಡಿಯೊ ನಿಲ್ಲಿಸಿ, ಕಿಟಕಿಯಾಚೆ 20 ಅಡಿಗಿಂತ ದೂರದ ಮರವನ್ನೋ ನೀರಿನ ಟ್ಯಾಂಕನ್ನೋ 20 ಸೆಕೆಂಡ್ ನೋಡಿ, ರೆಪ್ಪೆಯನ್ನು ಪೂರ್ತಿ ಮುಚ್ಚಿ ತೆರೆಯಬೇಕು. ಆ ಬಿಡುವಿನಲ್ಲಿ ವಾಟ್ಸ್‌ಆ್ಯಪ್ ನೋಡಿದರೆ ಸ್ನಾಯುವಿಗೆ ಬಿಡುವು ಸಿಗುವುದಿಲ್ಲ.

ಎರಡು ವಾರ ಹೀಗೆ ಮಾಡಿಯೂ ಮಂಜು ಹೋಗದಿದ್ದರೆ, ತಲೆನೋವು ಮರುಕಳಿಸುತ್ತಿದ್ದರೆ ಕನ್ನಡಕದ ನಂಬರ್ ಪರೀಕ್ಷೆ ಮಾಡಿಸಿ. ಕೈ ಜೋಮು ಹಿಡಿದರೂ ವೈದ್ಯರಿಗೆ ತೋರಿಸಿ. ಮೆಡಿಕಲ್ ಶಾಪಿನವರು ಕೊಟ್ಟ ಹನಿಯನ್ನು ಮಾತ್ರ ಕೇಳದೆ ಹಾಕಿಕೊಳ್ಳಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಕೆಂಪು ಬೇಗ ಇಳಿಯುತ್ತದೆ. ತಿಂಗಳುಗಟ್ಟಲೆ ಬಳಸಿದರೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುವುದಿಲ್ಲ.