ಗೂಡು ತೆರೆಯುವ ಮೊದಲು

ಕುಂದಾಪುರ ತಾಲ್ಲೂಕಿನ ಗುಲ್ವಾಡಿಯಂಥ ಊರಿನಲ್ಲಿ ನಾಟಿ ಕೋಳಿಗೆ ಲಸಿಕೆ ಹಾಕುವ ಕೆಲಸ ಬೆಳಕು ಹರಿಯುವ ಮೊದಲೇ ಶುರುವಾಗಬೇಕು. ಒಮ್ಮೆ ಗೂಡಿನ ಬಾಗಿಲು ತೆರೆದರೆ ಕೋಳಿಗಳೆಲ್ಲ ತೆಂಗಿನ ತೋಟ, ಗೊಬ್ಬರದ ಗುಂಡಿ, ಪಕ್ಕದ ಮನೆಯ ಅಂಗಳ ಎಂದು ಚದುರಿಬಿಡುತ್ತವೆ. ಹಾಗಾಗಿ ಲಸಿಕೆ ಹಾಕುವವರು ಹಿಂದಿನ ದಿನವೇ ಮನೆಮನೆಗೆ ಹೇಳಿರುತ್ತಾರೆ: "ನಾ ಬಪ್ಪು ತನಕ ಕೋಳಿ ಬಿಡ್ಬೇಡಿ ಹ್ವಾಯ್."

ಹಿತ್ತಲ ಕೋಳಿಯ ದೊಡ್ಡ ವೈರಿ ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಹಸಿರು ಮಿಶ್ರಿತ ಬಿಳಿ ಭೇದಿ, ಬಾಯ್ತೆರೆದು ಏದುಸಿರು, ಬದುಕುಳಿದವಕ್ಕೆ ತಿರುಚಿದ ಕುತ್ತಿಗೆ. ಇದು ವೈರಸ್ ರೋಗ, ಬಂದ ಮೇಲೆ ಮದ್ದಿಲ್ಲ. ಕೋಳಿ ಅಂಕದಿಂದ ಮರಳಿದ ಹುಂಜ, ಸಂತೆಯಿಂದ ತಂದ ಹೇಂಟೆ, ಮಾಂಸದಂಗಡಿಯ ಕಸ, ಯಾವುದರ ಜೊತೆಗಾದರೂ ಬರಬಹುದು.

ಡಿಸೆಂಬರ್ 15ಕ್ಕೆ ಕಾವಿಗೆ ಕೂರಿಸಿದ ಹೇಂಟೆಯನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. 21 ದಿನ ಕಳೆದು ಜನವರಿ 5ಕ್ಕೆ ಮರಿ ಒಡೆಯುತ್ತವೆ. ಅವತ್ತೇ ಲಸಿಕೆ ಹಾಕುವುದಿಲ್ಲ. ಲಸಿಕೆ ಪಡೆದ ತಾಯಿಯಿಂದ ಮೊಟ್ಟೆಯ ಮೂಲಕ ಬಂದ ರಕ್ಷಣೆ ಮರಿಯ ಮೈಯಲ್ಲಿ ಇನ್ನೂ ಇರುತ್ತದೆ, ಅದೇ ಲಸಿಕೆಯ ವೈರಸ್ಸನ್ನೂ ಹೊಡೆದುಹಾಕುತ್ತದೆ. ಒಂದು ವಾರ ಕಾದು ಜನವರಿ 12ಕ್ಕೆ ರಾಣಿಖೇತಿನ ಲಸೋಟ ಅಥವಾ ಎಫ್-1 ಲಸಿಕೆಯನ್ನು ಕಣ್ಣಿಗೆ ಒಂದು ಹನಿ ಬಿಡುತ್ತಾರೆ. ಹನಿ ಬಿದ್ದ ತಕ್ಷಣ ಮರಿಯನ್ನು ಕೆಳಗೆ ಬಿಡಬಾರದು. ಅದು ಕಣ್ಣು ಮಿಟುಕಿಸಿ ಹನಿಯನ್ನು ಒಳಗೆಳೆದುಕೊಳ್ಳುವ ತನಕ ಹಿಡಿದಿರಬೇಕು. ಅವಸರ ಮಾಡಿದರೆ ಹನಿ ಕೆನ್ನೆಯ ಪುಕ್ಕದಲ್ಲೇ ಉಳಿಯುತ್ತದೆ. ಫೆಬ್ರವರಿ 2ಕ್ಕೆ, ನಾಲ್ಕನೇ ವಾರ ತುಂಬುವಾಗ, ಇದೇ ಲಸಿಕೆ ಇನ್ನೊಮ್ಮೆ.

ಫೆಬ್ರವರಿ 16ಕ್ಕೆ, ಆರು ವಾರಕ್ಕೆ, ಕೋಳಿ ಸಿಡುಬಿನ ಸರದಿ. ನನಗೆ ಅತ್ಯಂತ ಇಷ್ಟವಾದ ಕೈಚಳಕ ಇದು. ರೆಕ್ಕೆ ಬಿಡಿಸಿದರೆ ಕೀಲಿನ ನಡುವೆ ತೆಳು ಚರ್ಮದ ಪರದೆ ಕಾಣುತ್ತದೆ. ಅಲ್ಲಿನ ಒಂದೆರಡು ಪುಕ್ಕ ಕಿತ್ತು, ರಕ್ತನಾಳ ತಪ್ಪಿಸಿ, ಲಸಿಕೆಯಲ್ಲಿ ಅದ್ದಿದ ಎರಡು ಮೊನೆಯ ಸೂಜಿಯನ್ನು ಆಚೆ ಹೊರಡುವ ಹಾಗೆ ಒಮ್ಮೆ ಚುಚ್ಚುತ್ತಾರೆ. ಹೊಲಿಗೆ ಯಂತ್ರದ ಸೂಜಿಯೂ ಆಗುತ್ತದೆ, ಅದರ ಕಣ್ಣಲ್ಲಿ ನಿಂತಷ್ಟು ಲಸಿಕೆ ಸಾಕು. ಏಳರಿಂದ ಹತ್ತು ದಿನದೊಳಗೆ ಚುಚ್ಚಿದ ಜಾಗದಲ್ಲಿ ಸಣ್ಣ ಗಂಟು, ಹಕ್ಕಳೆ ಕಂಡರೆ ಲಸಿಕೆ ಹಿಡಿದಿದೆ ಎಂದರ್ಥ. ಏನೂ ಕಾಣದಿದ್ದರೆ ಮತ್ತೆ ಚುಚ್ಚಬೇಕು. ಕೆಲಸ ಫಲಿಸಿದೆಯೇ ಎಂದು ಈ ಲಸಿಕೆ ಬರಿಗಣ್ಣಿಗೇ ಹೀಗೆ ತೋರಿಸಿಕೊಡುತ್ತದೆ. ಸಿಡುಬನ್ನು ಸೊಳ್ಳೆಗಳೂ ಹರಡುವುದರಿಂದ ಕರಾವಳಿಯಲ್ಲಿ ಮಳೆಗಾಲಕ್ಕೆ ಮೊದಲೇ ಇದು ಮುಗಿದಿರಬೇಕು.

ಮಾರ್ಚ್ 9ಕ್ಕೆ, ಒಂಬತ್ತು ವಾರಕ್ಕೆ, ಮತ್ತೆ ರಾಣಿಖೇತಿಗೇ ಆರ್2ಬಿ. ಹಿಮಾಲಯದ ಮುಕ್ತೇಶ್ವರದ ಸಂಶೋಧನಾಲಯದಲ್ಲಿ ಬೆಳೆಸಿದ ತಳಿ ಇದು. ಲಸೋಟಕ್ಕಿಂತ ಖಾರ, ರಕ್ಷಣೆಯೂ ದೀರ್ಘ. ಎಂಟು ವಾರ ತುಂಬದ ಮರಿಗಾಗಲಿ, ಮೊದಲು ಲಸೋಟ ಕಾಣದ ಕೋಳಿಗಾಗಲಿ ಹಾಕಿದರೆ ಲಸಿಕೆಯೇ ರೋಗವಾಗಬಹುದು. ಮೊಟ್ಟೆ ಇಡುತ್ತಿರುವ ಹೇಂಟೆಗೆ ಹಾಕಿದರೆ ಮೊಟ್ಟೆ ಕಡಿಮೆಯಾಗುತ್ತದೆ. ಆದ್ದರಿಂದಲೇ ಮೊಟ್ಟೆಗೆ ಬರುವ ಮೊದಲಿನ ಈ ವಯಸ್ಸು. 100 ಡೋಸಿನ ಸೀಸೆಯನ್ನು 50 ಮಿ.ಲೀ. ಸಲೈನಿನಲ್ಲಿ ಕರಗಿಸಿ, ರೆಕ್ಕೆಯ ಅಡಿ ಚರ್ಮದ ಕೆಳಗೆ ತಲಾ ಅರ್ಧ ಮಿ.ಲೀ. ಚುಚ್ಚುತ್ತಾರೆ.

ಹಿತ್ತಲ ಕೋಳಿಯ ನಿಜವಾದ ತೊಡಕು ಈ ಸೀಸೆಯಲ್ಲೇ ಇದೆ. ಮನೆಯಲ್ಲಿರುವುದು ಹತ್ತು ಹದಿನೈದು ಕೋಳಿ, ಸೀಸೆಯಲ್ಲಿರುವುದು ನೂರಕ್ಕೆ ಆಗುವಷ್ಟು. ಕರಗಿಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಹಾಕಿದರೆ ಬರೀ ನೀರು ಚುಚ್ಚಿದ ಹಾಗೆ. ಅದಕ್ಕೇ ಏಳೆಂಟು ಮನೆಯವರು ಮಾತಾಡಿಕೊಂಡು ಹೇಂಟೆಗಳನ್ನು ಹೆಚ್ಚುಕಡಿಮೆ ಒಂದೇ ವಾರ ಕಾವಿಗೆ ಕೂರಿಸುವುದು ನನಗೆ ಕಂಡ ಅತಿ ಜಾಣ ಉಪಾಯ. ಮರಿಗಳ ವಯಸ್ಸು ಒಂದಾಗುತ್ತದೆ, ಒಂದು ಸೀಸೆ ಇಡೀ ಕೇರಿಗೆ ಸಾಲುತ್ತದೆ. ಐಸ್ ತುಂಬಿದ ಥರ್ಮಾಸಿನಲ್ಲಿ ಸೀಸೆ ಇಟ್ಟು, ನೆರಳಿನಲ್ಲೇ ಓಡಾಡಿ, ಬಿಸಿಲೇರುವ ಮೊದಲು ಕೊನೆಯ ಮನೆ ಮುಗಿಸುತ್ತಾರೆ.

ಗಂಬೋರೊ ಲಸಿಕೆಯ ಮಾತು ಮುಖ್ಯವಾಗಿ ಬರುವುದು ಗಿರಿರಾಜದಂಥ ಮರಿಗಳನ್ನು ಹ್ಯಾಚರಿಯಿಂದ ತಂದಾಗ. ಅವಕ್ಕೆ ಎರಡು ವಾರದ ಸುಮಾರಿಗೆ ಅದನ್ನೂ ಹಾಕಬೇಕು. ಮಾರೆಕ್ಸ್ ಲಸಿಕೆ ಹುಟ್ಟಿದ ದಿನವೇ ಹ್ಯಾಚರಿಯಲ್ಲಿ ಆಗಿರಬೇಕು, ಕೊಳ್ಳುವಾಗ ಕೇಳಿಕೊಳ್ಳಿ.

ತೂಕಡಿಸುವ ಕೋಳಿಗೆ ಯಾವ ಲಸಿಕೆಯೂ ಬೇಡ. ಗೂಡಿಗೆ ರೋಗ ಹೊಕ್ಕ ಮೇಲೆ ಹಾಕಿದರೆ ಸೂಜಿಯೇ ರೋಗವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಲಸಿಕೆಗೆ ಒಂದು ವಾರ ಮೊದಲು ಜಂತುಹುಳದ ಮದ್ದು ಕೊಟ್ಟಿರಬೇಕು. ಹಾಕಿದ ಮೇಲೂ ರಕ್ಷಣೆ ಬೆಳೆಯಲು ಹತ್ತರಿಂದ ಹದಿನಾಲ್ಕು ದಿನ ಹಿಡಿಯುತ್ತದೆ, ಅಲ್ಲಿಯ ತನಕ ಹೊರಗಿನ ಕೋಳಿಯನ್ನು ಒಳಗೆ ಸೇರಿಸುವಂತಿಲ್ಲ. ಸಂತೆಯಿಂದ ತಂದ ಹೇಂಟೆಯನ್ನು ಯಾವಾಗಲೂ ಎರಡು ವಾರ ಬೇರೆ ಬುಟ್ಟಿಯಲ್ಲಿಟ್ಟು, ಭೇದಿ, ಉಬ್ಬಸ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಗೂಡಿಗೆ ಬಿಡಬೇಕು.