ಗೋಡೆಯೊಳಗೆ ಏನಿದೆ ಎಂದು ಮೊದಲು ನೋಡಬೇಕು

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿ ನಡುಗಿದಾಗ ಜನರ ಮೇಲೆ ಬಿದ್ದದ್ದು ದಪ್ಪ ಕಲ್ಲಿನ ಗೋಡೆಗಳು. ನೋಡಲು ಒಂದೇ ಗೋಡೆ, ಆದರೆ ಇದ್ದದ್ದು ಎರಡು ಪದರ: ಒಳಮುಖಕ್ಕೊಂದು, ಹೊರಮುಖಕ್ಕೊಂದು, ನಡುವೆ ಮಣ್ಣು ಮತ್ತು ಚೂರುಗಲ್ಲು. ಎರಡೂ ಮುಖಗಳನ್ನು ಹಿಡಿದಿಡುವ ಉದ್ದಗಲ್ಲುಗಳಿಲ್ಲದ ಕಡೆ ಪದರಗಳು ಉಬ್ಬಿ ಬೇರೆಯಾದವು. ಮೇಲಿದ್ದ ಭಾರದ ಮಾಳಿಗೆ ಕುಸಿಯಿತು. ಉತ್ತರ ಕರ್ನಾಟಕದ ಹಳೆಯ ಊರುಗಳಲ್ಲೂ ಕಲ್ಲು ಮಣ್ಣಿನ ಇಂಥ ಗೋಡೆಗಳಿವೆ. ಅವುಗಳಲ್ಲಿ ಕೆಲವು ಶಾಲೆಯ ಗೋಡೆಗಳು.

ಇಂಥ ಶಾಲೆಯನ್ನು ಭೂಕಂಪಕ್ಕೆ ತಡೆಯುವಂತೆ ಬಲಪಡಿಸಬಹುದೇ ಎಂದು ತಿಳಿಯಲು ಕಟ್ಟಡ ಇಂಜಿನಿಯರ್‌ಗಳಿಂದ ಪ್ರಸ್ತಾವನೆ ತರಿಸಿಕೊಳ್ಳುತ್ತಾರೆ. ಅದು ಕೈಗೆ ಬಂದೊಡನೆ ಎಸ್‌ಡಿಎಂಸಿ ಸದಸ್ಯರ ಕಣ್ಣು ಕೊನೆಯ ಪುಟದ ಶುಲ್ಕದ ಮೇಲೆ ಬೀಳುವುದು ಸಹಜ. ಆದರೆ ಆ ಶುಲ್ಕಕ್ಕೆ ಅವರು ಏನೇನು ಮಾಡುತ್ತಾರೆ ಎಂಬುದು ಇರುವುದು ‘ಕೆಲಸದ ವ್ಯಾಪ್ತಿ’ ಎಂಬ ಭಾಗದಲ್ಲಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ವಿಜಯಪುರದ ಕಡೆ ನಾಲ್ಕು ಕೋಣೆಗಳ, ಕಲ್ಲಿನ ಗೋಡೆಯ, ಆರ್‌ಸಿಸಿ ಚಾವಣಿಯ ಶಾಲೆ. ಒಟ್ಟು ತೂಕ ಸುಮಾರು 400 ಟನ್. ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯಲ್ಲಿ ವಿಜಯಪುರ ಮೂರನೇ ವಲಯದಲ್ಲಿದೆ. ಶಾಲೆಗಳಿಗೆ ಸಾಮಾನ್ಯ ಮನೆಗಿಂತ ಒಂದೂವರೆ ಪಟ್ಟು ಬಲ ಲೆಕ್ಕ ಹಾಕಬೇಕು ಎನ್ನುತ್ತದೆ ಮಾನಕ. ಕಬ್ಬಿಣದ ಪಟ್ಟಿಯಿಲ್ಲದ ಗೋಡೆಗೆ ಆ ಸೂತ್ರ ಹಾಕಿದರೆ, ತೂಕದ ಐದರಲ್ಲಿ ಒಂದು ಪಾಲು ಅಡ್ಡಬಲವಾಗಿ ಬರುತ್ತದೆ. ಅಂದರೆ 80 ಟನ್ ಭಾರ ಕಟ್ಟಡವನ್ನು ಪಕ್ಕದಿಂದ ತಳ್ಳಿದಂತೆ. ಈ ಲೆಕ್ಕಕ್ಕೆ ಅರ್ಧ ಗಂಟೆ ಸಾಕು. ಆ ತಳ್ಳಿಕೆಯನ್ನು ಗೋಡೆ ತಾಳುತ್ತದೆಯೇ ಎಂಬುದನ್ನು ಮಾತ್ರ ಕಚೇರಿಯಲ್ಲಿ ಕೂತು ಹೇಳಲಾಗದು.

ಅದಕ್ಕೆ ಗೋಡೆ ಬಿಚ್ಚಲೇಬೇಕು. ಗಾರೆ ಕೆತ್ತಿ, ಒಂದೆರಡು ಕಲ್ಲನ್ನು ನಿಧಾನವಾಗಿ ಹೊರತೆಗೆದು, ಒಳಗೆ ಉದ್ದಗಲ್ಲು ಇದೆಯೇ, ನಡುವಿನ ಮಣ್ಣು ಉಗುರಿಗೆ ಉದುರುತ್ತದೆಯೇ ಎಂದು ನೋಡಬೇಕು. ಮೂಲೆಯಲ್ಲಿ ಎರಡು ಗೋಡೆಗಳ ಕಲ್ಲು ಒಂದಕ್ಕೊಂದು ಹೆಣೆದಿವೆಯೇ, ಅಥವಾ ಸುಮ್ಮನೆ ತಾಗಿ ನಿಂತಿವೆಯೇ? ಬಾಗಿಲ ತಲೆಮಟ್ಟದಲ್ಲಿ ಸುತ್ತಲೂ ಕಾಂಕ್ರೀಟ್ ಪಟ್ಟಿ ಓಡಿದೆಯೇ? ಅಡಿಪಾಯದ ಪಕ್ಕ ಒಂದೆರಡು ಗುಂಡಿ ತೋಡಿ, ಅದು ಎಷ್ಟು ಆಳಕ್ಕೆ, ಎಂಥ ಮಣ್ಣಿನ ಮೇಲೆ ಕೂತಿದೆ ಎಂದೂ ಕಾಣಬೇಕು. ಕಪ್ಪು ಎರೆಮಣ್ಣಿನ ಸೀಮೆಯಲ್ಲಿ ಗೋಡೆಯ ಬಿರುಕು ಮಣ್ಣು ಹಿಗ್ಗಿ ಕುಗ್ಗುವುದರಿಂದಲೂ ಬಂದಿರಬಹುದು. ಅದನ್ನು ಗುರುತಿಸದೆ ಗೋಡೆಗೆ ಪಟ್ಟಿ ಹಾಕಿದರೆ ಬಿರುಕು ಮತ್ತೆ ಬರುತ್ತದೆ.

ಹಾಗಾಗಿ ‘ಅಗತ್ಯವಿದ್ದಷ್ಟು ಪರೀಕ್ಷೆ’ ಎಂದು ಬರೆದ ಪ್ರಸ್ತಾವನೆಯನ್ನು ಹಾಗೆಯೇ ಒಪ್ಪಬಾರದು. ಎಷ್ಟು ಕಡೆ ಗೋಡೆ ಬಿಚ್ಚುತ್ತಾರೆ, ಎಷ್ಟು ಗುಂಡಿ ತೋಡುತ್ತಾರೆ, ಚಾವಣಿಯ ಕಾಂಕ್ರೀಟಿನಿಂದ ಎಷ್ಟು ಕೋರ್ ತೆಗೆಯುತ್ತಾರೆ, ಬಿಚ್ಚಿದ್ದನ್ನು ಮುಚ್ಚುವವರು ಯಾರು, ಇವೆಲ್ಲ ಸಂಖ್ಯೆ ಸಮೇತ ಅದರಲ್ಲಿರಬೇಕು. ಕಾಂಕ್ರೀಟಿಗೆ ಸುತ್ತಿಗೆಯಂಥ ಉಪಕರಣ ತಾಗಿಸಿ ಪುಟಿಯುವಿಕೆಯಿಂದ ಬಲ ಅಂದಾಜಿಸುವ ಪರೀಕ್ಷೆ ಅಗ್ಗ, ಬೇಗ ಮುಗಿಯುತ್ತದೆ. ಆದರೆ ಅದು ಹೇಳುವುದು ಮೇಲ್ಮೈಯ ಸಂಗತಿಯನ್ನು ಮಾತ್ರ. ಕಲ್ಲು ಮಣ್ಣಿನ ಗೋಡೆಯ ಬಗ್ಗೆ ಅದರಿಂದ ಏನೂ ತಿಳಿಯದು. ಬೇರೆಯವರಿಗಿಂತ ತೀರಾ ಕಡಿಮೆ ಶುಲ್ಕ ಕೇಳಿದ ಪ್ರಸ್ತಾವನೆಯಲ್ಲಿ ಕೈಬಿಟ್ಟಿರುವುದು ಏನನ್ನು ಎಂದು ಹುಡುಕಿದರೆ, ಹೆಚ್ಚಿನಂಶ ಗೋಡೆ ಬಿಚ್ಚುವ ಕೆಲಸವೇ ಆಗಿರುತ್ತದೆ.

ಇನ್ನು ಒಪ್ಪಿಸಬೇಕಾದ ದಾಖಲೆಗಳು. ಮೊದಲನೆಯದು, ಈಗಿರುವ ಕಟ್ಟಡದ ಅಳತೆ ನಕ್ಷೆ, ಏಕೆಂದರೆ ಹಳೆಯ ಶಾಲೆಗಳಿಗೆ ನಕ್ಷೆ ಸಿಗುವುದೇ ಅಪರೂಪ. ಬಳಿಕ ಪರೀಕ್ಷೆಗಳ ಫಲಿತಾಂಶ, ಯಾವ ಗೋಡೆ ಎಲ್ಲಿ ಸೋಲುತ್ತದೆ ಎಂದು ಹೇಳುವ ವರದಿ, ಮತ್ತು ಬಲಪಡಿಸುವ ದಾರಿಗಳ ಹೋಲಿಕೆ. ಕೆಡವಿ ಹೊಸದಾಗಿ ಕಟ್ಟುವ ಖರ್ಚೂ ಆ ಹೋಲಿಕೆಯಲ್ಲಿರಬೇಕು. ನಮ್ಮ ಶಾಲೆಗೆ ಐಎಸ್ 13935 ತೋರುವ ದಾರಿ ಹೀಗಿರಬಹುದು: ಗೋಡೆಯ ಆರಪಾರ ರಂಧ್ರ ಮಾಡಿ, ಕೊಕ್ಕೆ ಬಗ್ಗಿಸಿದ ಸಲಾಕೆ ಇಟ್ಟು, ಕಾಂಕ್ರೀಟ್ ತುಂಬಿ, ಇಲ್ಲದ ಉದ್ದಗಲ್ಲಿನ ಕೆಲಸ ಮಾಡಿಸುವುದು, ಬಾಗಿಲ ತಲೆಮಟ್ಟದಲ್ಲಿ ಸುತ್ತಲೂ ತಂತಿಜಾಲಿ ಕಟ್ಟಿ ಸಿಮೆಂಟ್ ಗಾರೆ ಹಚ್ಚುವುದು, ಮೂಲೆಗಳಲ್ಲಿ ಅದೇ ಜಾಲಿಯನ್ನು ಮೇಲಿಂದ ಕೆಳಗೆ ಇಳಿಸುವುದು.

ಅನೇಕ ಪ್ರಸ್ತಾವನೆಗಳು ವರದಿಗೆ ನಿಲ್ಲುತ್ತವೆ. ಆದರೆ ಗೌಂಡಿಗೆ ವರದಿಯಿಂದ ಪ್ರಯೋಜನವಿಲ್ಲ. ರಂಧ್ರ ಎಲ್ಲಿ, ಎಷ್ಟು ಅಂತರದಲ್ಲಿ, ಯಾವ ಕಲ್ಲನ್ನು ಮೊದಲು ಬಿಡಿಸಬೇಕು, ಚಾವಣಿಗೆ ಆನಿಕೆ ಯಾವಾಗ ಕೊಡಬೇಕು ಎಂದು ತೋರಿಸುವ ಕೆಲಸದ ನಕ್ಷೆ ಅವನಿಗೆ ಬೇಕು. ನೇಪಾಳದಲ್ಲಿ 1990ರ ದಶಕದ ಕೊನೆಯಿಂದ ಎನ್‌ಸೆಟ್ ಸಂಸ್ಥೆ ಶಾಲೆಗಳನ್ನು ಬಲಪಡಿಸುವಾಗ ಸ್ಥಳೀಯ ಗೌಂಡಿಗಳಿಗೆ ತರಬೇತಿಯನ್ನೂ ಕೊಟ್ಟಿತು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸಾವಿರಾರು ತರಗತಿ ಕೋಣೆಗಳು ನೆಲಸಮವಾದಾಗ, ಕಠ್ಮಂಡು ಕಣಿವೆಯಲ್ಲಿ ಹೀಗೆ ಬಲಪಡಿಸಿದ ಶಾಲೆಗಳು ನಿಂತವು. ಅಂದು ಶನಿವಾರ, ಅಲ್ಲಿ ಶಾಲೆಗಳಿಗೆ ವಾರದ ರಜೆ.

ಆದ್ದರಿಂದ ಶುಲ್ಕವನ್ನು ಕಂತುಗಳಲ್ಲಿ ಕೊಡುವ ಕರಾರು ಇರಲಿ: ಪರೀಕ್ಷೆ ಮುಗಿದಾಗ ಒಂದು, ವರದಿಯನ್ನು ಇಂಜಿನಿಯರಿಂಗ್ ಕಾಲೇಜಿನ ತಜ್ಞರೊಬ್ಬರು ಮರುಪರಿಶೀಲಿಸಿ ಒಪ್ಪಿದಾಗ ಇನ್ನೊಂದು, ಕೆಲಸದ ನಕ್ಷೆ ಮತ್ತು ಅಂದಾಜು ಪಟ್ಟಿ ಕೈಸೇರಿದಾಗ ಕೊನೆಯದು. ಗೋಡೆ ಬಿಚ್ಚುವ ಕೆಲಸಕ್ಕೆ ಬೇಸಿಗೆ ರಜೆಯ ದಿನಗಳನ್ನೇ ಕರಾರಿನಲ್ಲಿ ಬರೆಸಬೇಕು. ಬಿಚ್ಚಿದ ಗೋಡೆಯ ಪಕ್ಕದಲ್ಲಿ ಮಕ್ಕಳನ್ನು ಕೂರಿಸಲಾಗದು.