ಹೊಲಿಗೆ ನುಂಗುವ ಅಂಚು

ಪಿಎಚ್‌.ಡಿ. ಪ್ರಬಂಧದ ಬಲಪುಟ ಸಲೀಸಾಗಿ ಓದಿಸಿಕೊಳ್ಳುತ್ತದೆ, ಎಡಪುಟದ ಸಾಲುಗಳ ತುದಿ ಮಾತ್ರ ಬೆನ್ನಿನೊಳಗೆ ಹುದುಗಿರುತ್ತದೆ. ಸಾಲಿನ ಕೊನೆಯಲ್ಲಿ ‘ಧರ್ಮ’ ಎಂದಿದ್ದರೆ ಅರ್ಕಾವೊತ್ತು ಒಳಗೆ ಸೇರಿ ‘ಧಮ’ ಅಷ್ಟೇ ಕಾಣುತ್ತದೆ. ಬೈಂಡಿಂಗ್‌ನವರನ್ನು ಬೈದು ಪ್ರಯೋಜನವಿಲ್ಲ. ತಪ್ಪು ನಡೆದಿರುವುದು ಡಿಟಿಪಿಯಲ್ಲಿ.

ಅನೇಕ ವಿಶ್ವವಿದ್ಯಾಲಯಗಳ ನಿಯಮದಲ್ಲಿ ಎಡಕ್ಕೆ ಒಂದೂವರೆ ಇಂಚು, ಉಳಿದ ಕಡೆ ಒಂದಿಂಚು ಅಂಚು ಬಿಡಿ ಎಂದಿರುತ್ತದೆ. ಹಾಳೆಯ ಒಂದೇ ಬದಿ ಬೆರಳಚ್ಚು ಮಾಡುವಾಗ ಇದು ಸರಿಯಾಗಿಯೇ ಇತ್ತು, ಏಕೆಂದರೆ ಬೆನ್ನು ಯಾವಾಗಲೂ ಎಡಕ್ಕೇ ಬರುತ್ತಿತ್ತು. ಎರಡೂ ಬದಿ ಮುದ್ರಿಸಿದರೆ ಸಮಸಂಖ್ಯೆಯ ಪುಟಗಳಿಗೆ ಬೆನ್ನು ಬಲಕ್ಕೆ ಹೋಗುತ್ತದೆ. ಒಂದೂವರೆ ಇಂಚು ಹೊರಗೆ ಉಳಿಯುತ್ತದೆ, ಹೊಲಿಗೆಗೆ ಸಿಗುವುದು ಒಂದೇ ಇಂಚು.

ಲೆಕ್ಕ ಹಾಕಿ ನೋಡೋಣ. 240 ಪುಟದ ಪ್ರಬಂಧವನ್ನು ಎರಡೂ ಬದಿ ಮುದ್ರಿಸಿದರೆ 120 ಹಾಳೆ. ಸಾಮಾನ್ಯ 75 ಜಿಎಸ್‌ಎಂ ಕಾಗದದಲ್ಲಿ ಕಟ್ಟು ಸುಮಾರು 12 ಮಿ.ಮೀ. ದಪ್ಪ ಬರುತ್ತದೆ. ರೆಕ್ಸಿನ್ ಹೊದಿಸಿ ಚಿನ್ನದ ಅಕ್ಷರ ಒತ್ತುವ ಹಾರ್ಡ್ ಬೈಂಡಿಂಗ್‌ನಲ್ಲಿ ಬಿಡಿ ಹಾಳೆಗಳ ಪಕ್ಕಕ್ಕೆ ತೂತು ಕೊರೆದು ದಾರ ಹಾಕುವುದು ರೂಢಿ. ಹೊಲಿಗೆ ಬೆನ್ನಿನಿಂದ ಹತ್ತು ಮಿ.ಮೀ. ಒಳಗೆ ಬಿದ್ದರೆ ಅಷ್ಟು ಜಾಗ ಸತ್ತಂತೆ. ಪುಸ್ತಕ ತೆರೆದಾಗ ಹಾಳೆ ಹೊಲಿಗೆಯಿಂದ ಬಾಗಿ ಏಳುತ್ತದಲ್ಲ, ಆ ಬಾಗಿನಲ್ಲಿ ಇನ್ನೊಂದು ಹತ್ತು ಮಿ.ಮೀ. ಕಣ್ಣಿಗೆ ಸಿಗುವುದಿಲ್ಲ. ಒಂದಿಂಚು ಎಂದರೆ 25 ಮಿ.ಮೀ. ಅದರಲ್ಲಿ 20 ಕಳೆದರೆ ಉಳಿಯುವುದು ಐದು. ಒಂದೂವರೆ ಇಂಚು, ಅಂದರೆ 38 ಮಿ.ಮೀ. ಇದ್ದರೆ 18 ಉಳಿಯುತ್ತದೆ, ಕತ್ತು ಓರೆ ಮಾಡದೆ ಓದಬಹುದು.

ಪರಿಹಾರ ಸುಲಭ. ವರ್ಡ್‌ನ Page Setup ತೆರೆದು Multiple pages ಎಂಬಲ್ಲಿ Mirror margins ಆರಿಸಿದರೆ ಎಡ-ಬಲ ಎಂಬುದರ ಬದಲು Inside, Outside ಕಾಣಿಸುತ್ತವೆ. Inside ಜಾಗದಲ್ಲಿ 38 ಮಿ.ಮೀ. ಕೊಡಿ. ಇದನ್ನು ಮೊದಲೇ ಮಾಡಿಕೊಳ್ಳಬೇಕು. ಪರಿವಿಡಿ ಹೊಂದಿಸಿದ ಮೇಲೆ ಅಂಚು ಬದಲಿಸಿದರೆ ಪುಟಸಂಖ್ಯೆಗಳೆಲ್ಲ ಜಾರುವ ಸಂಭವವಿದೆ.

ಮಾರ್ಗದರ್ಶಕರಿಗೆ ಕೊಡುವ ಕರಡಿಗೆ ಇಷ್ಟೆಲ್ಲ ಬೇಡ, ಸ್ಪೈರಲ್ ಸಾಕು. ಅದರ ತೂತುಗಳು ಅಂಚಿನಿಂದ ಏಳೆಂಟು ಮಿ.ಮೀ. ಒಳಗೆ ಮುಗಿಯುತ್ತವೆ. ಹಾಳೆ ಪೂರ್ತಿ ಮಗುಚಿಕೊಳ್ಳುವುದರಿಂದ ಬಾಗಿನ ನಷ್ಟವೂ ಇಲ್ಲ. 20 ಮಿ.ಮೀ. ಒಳ ಅಂಚು ಧಾರಾಳವಾಯಿತು. ಬೆನ್ನಿನ ಮೇಲೆ ಹೆಸರು ಬರೆಯಲು ಜಾಗವಿಲ್ಲದಿರುವುದೇ ಇದರ ಕೊರತೆ, ಕಪಾಟಿನಲ್ಲಿ ಹುಡುಕುವವರಿಗೆ ತೊಂದರೆ.

ಪರ್ಫೆಕ್ಟ್ ಬೈಂಡಿಂಗ್‌ನಲ್ಲಿ ಬೆನ್ನನ್ನು ಎರಡು ಮೂರು ಮಿ.ಮೀ. ಒರೆದು, ಒರಟಾದ ಆ ಜಾಗಕ್ಕೆ ಬಿಸಿ ಅಂಟು ಹಚ್ಚಿ ಮುಖಪುಟ ಅಂಟಿಸುತ್ತಾರೆ. ಒರೆದಾಗ ಹೋಗುವುದು ಅಲ್ಪ, ಪುಸ್ತಕ ಚಪ್ಪಟೆಯಾಗಿ ತೆರೆಯದೆ ಬೆನ್ನ ಬಳಿ ಕಣಿವೆಯಾಗುವುದೇ ಹೆಚ್ಚಿನ ನಷ್ಟ. ಇದಕ್ಕೆ 25 ಮಿ.ಮೀ. ಇರಲಿ. ಪುಸ್ತಕ ಕೈಗೆ ಬಂದ ಕೂಡಲೇ ನಡುವಿನ ಒಂದು ಹಾಳೆಯನ್ನು ಮೆಲ್ಲಗೆ ಎಳೆದು ನೋಡಿ. ಬುಡ ಅಲುಗಿದರೆ ಅಂಟು ಹಿಡಿದಿಲ್ಲವೆಂದೇ ಅರ್ಥ. ನುಣುಪಾದ ಆರ್ಟ್ ಪೇಪರ್‌ನಲ್ಲಿ ಈ ಕಾಟ ಜಾಸ್ತಿ, ಹಾಗಾಗಿ ಪುಟಗಟ್ಟಲೆ ಫೋಟೊ ಇರುವ ಸ್ಮರಣಸಂಚಿಕೆಗೆ ದಾರದ ಹೊಲಿಗೆಯನ್ನೇ ಕೇಳುವುದು ಲೇಸು.

ನಾಟಕದ ಪುಸ್ತಿಕೆ, ಜಾತ್ರೆಯ ಕಿರುಹೊತ್ತಗೆಗಳಿಗೆ ಸೆಂಟರ್ ಪಿನ್ ಹೊಡೆಯುತ್ತಾರೆ. ಮಡಿಕೆಯ ಮೇಲೇ ಪಿನ್ ಬೀಳುವುದರಿಂದ ಒಳ ಅಂಚಿನಲ್ಲಿ ಏನೂ ಹೋಗುವುದಿಲ್ಲ, 15 ಮಿ.ಮೀ. ಸಾಕು. ಇಲ್ಲಿ ಎಚ್ಚರ ಬೇಕಾದದ್ದು ಹೊರ ಅಂಚಿಗೆ. 64 ಪುಟದ ಪುಸ್ತಿಕೆಯೆಂದರೆ ಒಂದರೊಳಗೊಂದು ಮಡಿಸಿಟ್ಟ 16 ಹಾಳೆ. ಒಳಗಿನ ಹಾಳೆ ಹೊರಗಿನದಕ್ಕಿಂತ ಸುಮಾರು ಒಂದೂವರೆ ಮಿ.ಮೀ. ಮುಂದಕ್ಕೆ ಚಾಚಿಕೊಳ್ಳುತ್ತದೆ. ಅಂಚು ಸಮ ಮಾಡಲು ಕತ್ತರಿಸಿದಾಗ ನಡುಪುಟಗಳಿಂದಲೇ ಹೆಚ್ಚು ಹೋಗುತ್ತದೆ. ಹೊರತುದಿಗೆ ಅಂಟಿಸಿದಂತೆ ಪುಟಸಂಖ್ಯೆ ಇಟ್ಟರೆ ಅದೂ ಕತ್ತರಿಗೆ ಸಿಕ್ಕೀತು. ಒಟ್ಟು ಪುಟ ನಾಲ್ಕರಿಂದ ಭಾಗವಾಗಬೇಕು, 80 ದಾಟಿದರೆ ಪುಸ್ತಿಕೆ ಉಬ್ಬಿ ಬಾಯಿ ಬಿಡುತ್ತದೆ.

ಈ ಅಳತೆಗಳು ಅಂಗಡಿಯಿಂದ ಅಂಗಡಿಗೆ ಒಂದಿಷ್ಟು ಹೆಚ್ಚುಕಮ್ಮಿಯಾಗುತ್ತವೆ. ಆದ್ದರಿಂದ ಪ್ರಿಂಟ್ ತೆಗೆಸಿಕೊಂಡು ಬೈಂಡಿಂಗ್ ಅಂಗಡಿಗೆ ಹೋಗಬೇಡಿ. ಮೊದಲು ಹೋಗಿ ಹೊಲಿಗೆ ಎಷ್ಟು ಒಳಗೆ ಬೀಳುತ್ತದೆ, ಕತ್ತರಿಸುವುದು ಎಷ್ಟು ಎಂದು ಮಿಲಿಮೀಟರಿನಲ್ಲಿ ಕೇಳಿ ಬರೆದುಕೊಳ್ಳಿ, ಆಮೇಲೆ ಪುಟ ಕಟ್ಟಿ.